ಪುಟ್ಟ ಬೆಡ್‌ರೂಮ್, 24 ಎಂಎಂ ಮತ್ತು ‘ನೇರ’ ಅನ್ನುವ ಪದ

ಒಂದೇ ಅಳತೆಯ ಎರಡು ಬೆಡ್‌ರೂಮ್‌ಗಳ ಫೋಟೋ ತೆಗೆಯುವ ಕೆಲಸ ಇತ್ತು. ಒಂದನ್ನು ನಾನು ತೆಗೆಯುವುದು, ಇನ್ನೊಂದನ್ನು ನನ್ನ ಜೊತೆ ಕೆಲಸ ಮಾಡುವ ಹುಡುಗ ಬೇರೆ ದಿನ ತೆಗೆಯುವುದು ಅಂತ ಮಾತಾಗಿತ್ತು. ಎರಡೂ ಫೋಟೋ ಅಕ್ಕಪಕ್ಕ ಇಟ್ಟರೆ ಒಬ್ಬರೇ ತೆಗೆದ ಹಾಗೆ ಕಾಣಬೇಕು. ನನ್ನ ರೂಮಿನ ಲೆಕ್ಕ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಅದನ್ನು ಅವನಿಗೆ ಅರ್ಥವಾಗುವ ಹಾಗೆ ಬರೆದು ಕೊಡುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಎರಡನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ರೂಮ್ ಹೇಗಿದೆ ಹೇಳುತ್ತೇನೆ. ಅಗಲ 3 ಮೀಟರ್, ಉದ್ದ 3.3 ಮೀಟರ್, ಎತ್ತರ 2.75. ಬಾಗಿಲು ಅಗಲದ ಗೋಡೆಯಲ್ಲಿ, ಎಡ ಮೂಲೆಗೆ ಹತ್ತಿರ. ಅದರ ಎದುರಿನ ಗೋಡೆಗೆ ಮಂಚದ ತಲೆಭಾಗ. ಮಂಚ 2 ಮೀಟರ್ ಉದ್ದ ಇರುವುದರಿಂದ ಅದರ ಕಾಲುಭಾಗಕ್ಕೂ ಬಾಗಿಲ ಗೋಡೆಗೂ ನಡುವೆ ಉಳಿಯುವುದು 1.3 ಮೀಟರ್ ಮಾತ್ರ. ಎಡ ಗೋಡೆಗೆ ಕಿರಿದಾದ ಪುಸ್ತಕದ ಕಪಾಟು, ಬಲ ಗೋಡೆಯಲ್ಲಿ ಕಿಟಕಿ, ಕಿಟಕಿ ಪಕ್ಕದ ಪುಟ್ಟ ಟೇಬಲ್ ಮೇಲೆ ಚೆಂಡಿನ ಹಾಗೆ ಗುಂಡಗಿರುವ ಒಂದು ಲ್ಯಾಂಪ್. ಈ ಲ್ಯಾಂಪ್ ಮುಂದೆ ತುಂಬಾ ಕೆಲಸಕ್ಕೆ ಬಂತು.

ಮೊದಲ ಪ್ರಯತ್ನ: 16 ಎಂಎಂ, ಬೆನ್ನು ಗೋಡೆಗೆ

ಇಷ್ಟು ಚಿಕ್ಕ ರೂಮಿಗೆ ಬಂದ ತಕ್ಷಣ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಫುಲ್ ಫ್ರೇಮ್ ಕ್ಯಾಮರಾಕ್ಕೆ 16–35 ಲೆನ್ಸ್ ಹಾಕಿ, ಅದರಲ್ಲಿ ಅತಿ ಅಗಲವಾಗಿ ಕಾಣುವ 16ಕ್ಕೆ ತಿರುಗಿಸಿ, ಬಾಗಿಲ ಪಕ್ಕದ ಗೋಡೆಗೆ ಒತ್ತಿ ನಿಂತು, ಸ್ವಲ್ಪ ಬಲಕ್ಕೆ ತಿರುಗಿ ಒಂದು ಫೋಟೋ ತೆಗೆದೆ. ಲೆನ್ಸ್ ಆ ಗೋಡೆಯಿಂದ 35 ಸೆಂಟಿಮೀಟರ್ ಮುಂದೆ ಇತ್ತು. ಎಲ್ಲವೂ ಬಂದಿತ್ತು, ಆದರೆ ರೂಮ್ ಸುಳ್ಳು ಹೇಳುತ್ತಿತ್ತು. ಮಂಚದ ಕಾಲುಭಾಗ ಒಂದು ವೇದಿಕೆಯಷ್ಟು ದೊಡ್ಡದಾಗಿ ಮುಂದೆ ನುಗ್ಗಿತ್ತು, ತಲೆದಿಂಬುಗಳು ಎಲ್ಲೋ ದೂರದಲ್ಲಿ ಪುಟ್ಟದಾಗಿ ಕಾಣುತ್ತಿದ್ದವು. ಗುಂಡಗಿನ ಲ್ಯಾಂಪ್ ಬಲ ಅಂಚಿನಲ್ಲಿ ಅಡ್ಡಕ್ಕೆ ಹಿಗ್ಗಿ ಮೊಟ್ಟೆಯ ಆಕಾರಕ್ಕೆ ಬಂದಿತ್ತು.

ಇವು ಎರಡು ಬೇರೆ ಬೇರೆ ತೊಂದರೆಗಳು. ಎರಡನ್ನೂ ‘ವೈಡ್ ಲೆನ್ಸಿನ ಡಿಸ್ಟಾರ್ಶನ್’ ಅಂತ ಒಂದೇ ಚೀಲಕ್ಕೆ ಹಾಕಿದರೆ ಸರಿಮಾಡುವ ದಾರಿ ಸಿಗುವುದಿಲ್ಲ.

ಮಂಚ ಮುಂದೆ ನುಗ್ಗುವುದು ಲೆನ್ಸಿನಿಂದ ಅಲ್ಲ, ನಾನು ನಿಂತ ಜಾಗದಿಂದ. ಲೆನ್ಸಿನಿಂದ ಮಂಚದ ಕಾಲುಭಾಗ 0.95 ಮೀಟರ್, ತಲೆಭಾಗ 2.95 ಮೀಟರ್ ದೂರ. ಅಂದರೆ ಹತ್ತಿರದ ಅಂಚು ದೂರದ ಅಂಚಿಗಿಂತ ಸುಮಾರು ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಜಾಗದಲ್ಲಿ ನಿಂತು 35 ಎಂಎಂ ಹಾಕಿದರೂ ಈ ಮೂರು ಪಟ್ಟು ಮೂರು ಪಟ್ಟೇ, ಫೋಟೋದಲ್ಲಿ ಬರುವ ಭಾಗ ಮಾತ್ರ ಕಡಿಮೆ.

ಲ್ಯಾಂಪ್ ಮೊಟ್ಟೆಯಾಗುವುದಕ್ಕೆ ಕಾರಣ ಬೇರೆ. ನೇರ ಗೆರೆಗಳನ್ನು ನೇರ ಗೆರೆಯಾಗಿಯೇ ಉಳಿಸುವ ಲೆನ್ಸ್ ಚಿತ್ರದ ಅಂಚಿಗೆ ಹೋದಂತೆ ವಸ್ತುಗಳನ್ನು ನಡುವಿನಿಂದ ಹೊರಕ್ಕೆ ಎಳೆಯುತ್ತದೆ. 16 ಎಂಎಂನಲ್ಲಿ ಎಡ-ಬಲ ನೋಟದ ಕೋನ ಸುಮಾರು 97 ಡಿಗ್ರಿ. ಅದರ ತುದಿಯಲ್ಲಿ ಒಂದು ಗುಂಡು ಎತ್ತರಕ್ಕಿಂತ ಒಂದೂವರೆ ಪಟ್ಟು ಅಗಲವಾಗುತ್ತದೆ. 24 ಎಂಎಂನಲ್ಲಿ ಕೋನ 74 ಡಿಗ್ರಿ, ತುದಿಯಲ್ಲಿ ಅದೇ ಗುಂಡು ಒಂದೂಕಾಲು ಪಟ್ಟು. ಒಂದೂಕಾಲು ಪಟ್ಟನ್ನು ಕಣ್ಣು ಒಪ್ಪಿಕೊಳ್ಳುತ್ತದೆ, ಒಂದೂವರೆಯನ್ನು ಒಪ್ಪುವುದಿಲ್ಲ. ಚಿಕ್ಕ ರೂಮಿಗೆ 24 ನನ್ನ ಗಡಿ ಆಗಿರುವುದು ಇದರಿಂದಲೇ. ಅಂಚಿನಲ್ಲಿ ಗುಂಡಗಿನ ವಸ್ತು ಏನೂ ಇಲ್ಲದಿದ್ದರೆ 20ರವರೆಗೂ ಹೋಗುತ್ತೇನೆ, ಅದಕ್ಕಿಂತ ಕೆಳಗೆ ಹೋಗುವುದಿಲ್ಲ.

ಬಾಗಿಲಿನಿಂದ ಆಚೆ 40 ಸೆಂಟಿಮೀಟರ್

ಹಿಂದೆ ಹೋಗಬೇಕು, ಆದರೆ ಹಿಂದೆ ಗೋಡೆ. ಉಳಿದಿದ್ದು ಬಾಗಿಲು ಒಂದೇ. ಬಾಗಿಲನ್ನು ಪೂರ್ತಿ ತೆರೆದು, ಟ್ರೈಪಾಡನ್ನು ಹೊಸ್ತಿಲ ಆಚೆ ಇಟ್ಟೆ. ಎಷ್ಟು ಆಚೆ ಹೋಗಬಹುದು ಅನ್ನುವುದನ್ನು ಚೌಕಟ್ಟು ಹೇಳುತ್ತದೆ, ಅಂದಾಜು ಮಾಡಬೇಕಾಗಿಲ್ಲ. 24 ಎಂಎಂ ಲೆನ್ಸ್ ಎಷ್ಟು ದೂರ ನೋಡುತ್ತದೋ ಅದರ ಒಂದೂವರೆ ಪಟ್ಟು ಅಗಲ ನೋಡುತ್ತದೆ. ಈ ಚೌಕಟ್ಟಿನ ಒಳಗಿನ ಅಗಲ 80 ಸೆಂಟಿಮೀಟರ್. ಹಾಗಾಗಿ ಗೋಡೆಗೆ ಎದುರಾಗಿ, ಚೌಕಟ್ಟಿನ ನಡುವೆ ಲೆನ್ಸ್ ಇಟ್ಟರೆ ಒಳಗಿನ ಅಂಚಿನಿಂದ 53 ಸೆಂಟಿಮೀಟರ್‌ವರೆಗೆ ಹಿಂದೆ ಹೋಗಬಹುದು. ಅದಕ್ಕಿಂತ ಹಿಂದೆ ಹೋದರೆ ಮರದ ಚೌಕಟ್ಟು ಫೋಟೋದಲ್ಲಿ ಬಂದು ಕೂರುತ್ತದೆ.

ನನಗೆ ಕಿಟಕಿ ಗೋಡೆಯೂ ಬೇಕಿತ್ತು. ಅದಕ್ಕೆ ಕ್ಯಾಮರಾವನ್ನು 15 ಡಿಗ್ರಿಯಷ್ಟು ಬಲಕ್ಕೆ ತಿರುಗಿಸಿದೆ. ತಿರುಗಿಸಿದ ಕೂಡಲೇ ಬಲಗಡೆಯ ಚೌಕಟ್ಟು ನೋಟದೊಳಗೆ ಬಂತು. ಲೆನ್ಸನ್ನು ಚೌಕಟ್ಟಿನ ನಡುವಿನಿಂದ 15 ಸೆಂಟಿಮೀಟರ್ ಎಡಕ್ಕೆ ಸರಿಸಿ, 40 ಸೆಂಟಿಮೀಟರ್ ಹಿಂದಕ್ಕೆ ನಿಲ್ಲಿಸಿದಾಗ ಎಲ್ಲವೂ ಕೂತಿತು. ಈಗ ಮಂಚದ ಕಾಲುಭಾಗ 1.7 ಮೀಟರ್, ತಲೆಭಾಗ 3.7 ಮೀಟರ್. ಮೂರು ಪಟ್ಟು ಇದ್ದದ್ದು ಎರಡಕ್ಕಿಂತ ಸ್ವಲ್ಪ ಜಾಸ್ತಿಗೆ ಇಳಿಯಿತು. ಮಂಚ ಮಂಚದ ಹಾಗೆ ಕಂಡಿತು. ಲ್ಯಾಂಪ್ ಇನ್ನೂ ಬಲ ಅಂಚಿನ ಹತ್ತಿರವೇ ಇತ್ತು, ಆದರೆ ಅದನ್ನು ಲ್ಯಾಂಪ್ ಅನ್ನಬಹುದಿತ್ತು. ಮುಕ್ಕಾಲು ಮೀಟರ್ ಹಿಂದೆ ಹೋಗಿದ್ದಕ್ಕೆ ಇಷ್ಟು ಫಲ ಸಿಗುವುದು ಚಿಕ್ಕ ರೂಮಿನಲ್ಲಿ ಮಾತ್ರ. ದೊಡ್ಡ ಹಾಲ್‌ನಲ್ಲಿ ಇದೇ ಮುಕ್ಕಾಲು ಮೀಟರ್ ಗೊತ್ತೂ ಆಗುವುದಿಲ್ಲ.

ಕ್ಯಾಮರಾ ಬಗ್ಗಿಸದೆ ಕೆಳಗೆ ನೋಡುವುದು

ಇನ್ನೊಂದು ತೊಂದರೆ ಉಳಿದಿತ್ತು. ಕ್ಯಾಮರಾ 1.2 ಮೀಟರ್ ಎತ್ತರದಲ್ಲಿ ಮಟ್ಟವಾಗಿ ಇತ್ತು. 24 ಎಂಎಂನಲ್ಲಿ ಹಾಗೆ ಇಟ್ಟರೆ ನೆಲ ಕಾಣಿಸಿಕೊಳ್ಳುವುದು ಲೆನ್ಸಿನಿಂದ 2.4 ಮೀಟರ್ ಆದ ಮೇಲೆ. ಮಂಚದ ಕಾಲುಭಾಗ 1.7ರಲ್ಲೇ ಇದೆ. ಅಂದರೆ ಮಂಚದ ಕಾಲುಗಳು ಕತ್ತರಿಸಿ ಹೋದವು, ಮಂಚ ಗಾಳಿಯಲ್ಲಿ ತೇಲುವ ಹಾಗೆ ಕಂಡಿತು. ಮೇಲೆ ನೋಡಿದರೆ ಸೀಲಿಂಗ್ ಬೇಕಾದಷ್ಟು ಬಂದಿದೆ, ಅದು ಯಾರಿಗೂ ಬೇಡ.

ಇಲ್ಲಿ ಕೈ ತಾನಾಗಿಯೇ ಕ್ಯಾಮರಾವನ್ನು ಕೆಳಕ್ಕೆ ಬಗ್ಗಿಸುತ್ತದೆ. ಬಗ್ಗಿಸಿದ ಕ್ಷಣ ಕಪಾಟಿನ ಅಂಚು, ಗೋಡೆ ಮೂಲೆ, ಕಿಟಕಿ ಚೌಕಟ್ಟು ಎಲ್ಲ ಕೆಳಗೆ ಒಂದರ ಕಡೆಗೊಂದು ವಾಲುತ್ತವೆ, ರೂಮ್ ಬಕೆಟ್ಟಿನ ಆಕಾರಕ್ಕೆ ಬರುತ್ತದೆ. ಶಿಫ್ಟ್ ಲೆನ್ಸ್ ಇದ್ದವರು ಲೆನ್ಸನ್ನು ಮಾತ್ರ ಕೆಳಕ್ಕೆ ಜಾರಿಸುತ್ತಾರೆ, ಕ್ಯಾಮರಾ ಮಟ್ಟವಾಗಿಯೇ ಇರುತ್ತದೆ. ನನ್ನ ಹತ್ತಿರ ಶಿಫ್ಟ್ ಲೆನ್ಸ್ ಇಲ್ಲ. ಆದರೆ 16 ಎಂಎಂ ಇದೆ, ಅಷ್ಟು ಸಾಕು.

ಅದೇ ಜಾಗದಿಂದ, ಕ್ಯಾಮರಾ ಮಟ್ಟವಾಗಿ ಇಟ್ಟುಕೊಂಡೇ, 16ರಲ್ಲಿ ತೆಗೆದು ಆಮೇಲೆ ಕತ್ತರಿಸಿದರೆ ಆಯಿತು. ನಿಂತ ಜಾಗ ಬದಲಾಗದೆ ಇರುವುದರಿಂದ ಮಂಚದ ಅನುಪಾತ ಬದಲಾಗುವುದಿಲ್ಲ. ಅಂಚಿನ ಹಿಗ್ಗಿದ ಭಾಗ, ಒಳಗೆ ಬಂದ ಚೌಕಟ್ಟಿನ ಮರ, ಎರಡೂ ಕತ್ತರಿಸಿ ಹೋಗುತ್ತವೆ. 16ರ ಚಿತ್ರದ ಅಗಲದಲ್ಲಿ ನಡುವಿನ ಮೂರನೇ ಎರಡು ಭಾಗ ಉಳಿಸಿಕೊಂಡರೆ ಅದು 24 ಎಂಎಂ ನೋಟವೇ. ಆದರೆ ಎತ್ತರದಲ್ಲಿ ಎಲ್ಲಿ ಕತ್ತರಿಸಬೇಕು ಅನ್ನುವುದು ನನ್ನ ಕೈಯಲ್ಲಿ ಇರುತ್ತದೆ, ಕೆಳಗೆ ಜಾಸ್ತಿ ಉಳಿಸಿ ಮೇಲೆ ಜಾಸ್ತಿ ತೆಗೆಯಬಹುದು.

1.2 ಮೀಟರ್ ಎತ್ತರದಿಂದ ಇದನ್ನು ಮಾಡಿದಾಗಲೂ ಪೂರ್ತಿ ಕೂರಲಿಲ್ಲ. ಮಂಚದ ಕಾಲಿನ ಬುಡ ಉಳಿಸಿದರೆ ಎದುರು ಗೋಡೆ ಸೀಲಿಂಗಿಗೆ ಸೇರುವ ಗೆರೆ ಹೋಗುತ್ತಿತ್ತು. ಟ್ರೈಪಾಡನ್ನು 1 ಮೀಟರಿಗೆ ಇಳಿಸಿದೆ. ಹತ್ತಿರದ ವಸ್ತುವಿನ ಮೇಲೆ ಎತ್ತರದ ಪರಿಣಾಮ ಜಾಸ್ತಿ, ದೂರದ್ದರ ಮೇಲೆ ಕಡಿಮೆ. ಹಾಗಾಗಿ 20 ಸೆಂಟಿಮೀಟರ್ ಇಳಿಸಿದಾಗ ಮಂಚದ ಬುಡ ಚಿತ್ರದಲ್ಲಿ ಚೆನ್ನಾಗಿ ಮೇಲೆ ಬಂತು, ಸೀಲಿಂಗ್ ಗೆರೆ ಸ್ವಲ್ಪವೇ ಮೇಲೆ ಹೋಯಿತು. ಕೊನೆಗೆ 3:2 ಬಿಟ್ಟು 4:3 ಅನುಪಾತದಲ್ಲಿ ಕತ್ತರಿಸಿದೆ, ಎರಡೂ ಸೇರಿಕೊಂಡವು, ಕೂದಲೆಳೆಯಷ್ಟು ಜಾಗವೂ ಉಳಿಯಿತು. ಇದಕ್ಕೆ ಕೊಟ್ಟ ಬೆಲೆ ಏನೆಂದರೆ 24 ಮೆಗಾಪಿಕ್ಸೆಲ್ ಫೋಟೋ 12ಕ್ಕೆ ಇಳಿಯಿತು. ಪರದೆಯಲ್ಲಿ ನೋಡುವ ಫೋಟೋಗೆ ಅದು ಧಾರಾಳ. ಎತ್ತರ ಇಳಿಸಿದ್ದರಿಂದ ಹಾಸಿಗೆಯ ಮೇಲ್ಮೈ ಸ್ವಲ್ಪ ಕಡಿಮೆ ಕಾಣುತ್ತದೆ, ಅದು ನನಗೆ ಇಷ್ಟವೇ ಆಯಿತು. ಎತ್ತರದಿಂದ ನೋಡಿದರೆ ಹೊದಿಕೆ ಮಾತ್ರ ಕಾಣುತ್ತದೆ, ರೂಮ್ ಕಾಣುವುದಿಲ್ಲ.

ನಾನು ಬರೆದು ಕೊಟ್ಟ ಮೊದಲ ಚೀಟಿ

ಇಷ್ಟೆಲ್ಲ ಮಾಡಿ ಹುಡುಗನಿಗೆ ನಾನು ಕಳಿಸಿದ್ದು ಒಂದೇ ಸಾಲು:

“24 ಎಂಎಂ, ಬಾಗಿಲಿಂದ, ಕ್ಯಾಮರಾ ಲೆವೆಲ್ ಇರಲಿ, ಗೋಡೆ ನೇರ ಬರಬೇಕು, ರೂಮ್ ಪೂರ್ತಿ ಕಾಣಬೇಕು.”

ಅವನು ಕಳಿಸಿದ ಫೋಟೋ ನೋಡಿ ಗಾಬರಿಯಾಯಿತು. ಎದುರು ಗೋಡೆ ಫೋಟೋದಲ್ಲಿ ಸರಿಯಾಗಿ ಎದುರಾಬದುರು ನಿಂತಿದೆ, ಕಿಟಕಿ ಗೋಡೆ ಇಲ್ಲವೇ ಇಲ್ಲ. ಮೇಲಿಂದ ನೋಡಿದ ಹಾಗೆ ಹಾಸಿಗೆ ತುಂಬಿಕೊಂಡಿದೆ. ಕಪಾಟು ಕೆಳಗಡೆ ಒಳಕ್ಕೆ ವಾಲಿದೆ. ಫೋನ್ ಮಾಡಿದೆ.

“ಅಕ್ಕಾ, ನೀವೇ ನೇರ ಅಂದ್ರಲ್ಲ, ಅದಕ್ಕೇ ಗೋಡೆಗೆ ನೇರವಾಗಿ ನಿಂತು ತೆಗೆದೆ. ಲೆವೆಲ್ ಕೂಡ ನೋಡ್ದೆ, ಹಾರಿಜಾನ್ ಸರಿಯಾಗೇ ಇದೆ.”

ಅವನು ಹೇಳಿದ್ದು ಸರಿ. ಚೀಟಿಯಲ್ಲಿದ್ದ ಒಂದೊಂದು ಮಾತನ್ನೂ ಅವನು ಪಾಲಿಸಿದ್ದ. ತಪ್ಪು ನನ್ನ ಮಾತುಗಳಲ್ಲಿತ್ತು. ಕೂತು ಒಂದೊಂದೇ ಬಿಡಿಸಿದೆ.

‘ನೇರ’ ಅನ್ನುವುದಕ್ಕೆ ಈ ಕೆಲಸದಲ್ಲಿ ಮೂರು ಅರ್ಥ ಇದೆ. ಗೆರೆ ಬಿಲ್ಲಿನ ಹಾಗೆ ಬಾಗಿಲ್ಲ ಅನ್ನುವುದು ಒಂದು. ಕ್ಯಾಮರಾ ಗೋಡೆಗೆ ಎದುರಾಗಿದೆ ಅನ್ನುವುದು ಇನ್ನೊಂದು. ಗೆರೆ ವಾಲದೆ ನೆಟ್ಟಗೆ ನಿಂತಿದೆ ಅನ್ನುವುದು ಮೂರನೆಯದು. ನನಗೆ ಬೇಕಾಗಿದ್ದು ಮೂರನೆಯದು, ಅವನು ಮಾಡಿದ್ದು ಎರಡನೆಯದು. ಮೊದಲನೆಯದನ್ನು ಲೆನ್ಸ್ ಪ್ರೊಫೈಲ್ ಹಾಕಿದರೆ ಸಾಫ್ಟ್‌ವೇರ್ ಸರಿಮಾಡುತ್ತದೆ, ಅದಕ್ಕೆ ಉಳಿದೆರಡರ ಜೊತೆ ಸಂಬಂಧವೇ ಇಲ್ಲ. ಈಗ ಚೀಟಿಯಲ್ಲಿ ‘ನೇರ’ ಅಂತ ಬರೆಯುವುದನ್ನೇ ಬಿಟ್ಟಿದ್ದೇನೆ. ಬಾಗಬಾರದು, ಎದುರಾಬದುರು, ನೆಟ್ಟಗೆ, ಈ ಮೂರರಲ್ಲಿ ಯಾವುದು ಬೇಕೋ ಅದನ್ನೇ ಬರೆಯುತ್ತೇನೆ.

‘ಲೆವೆಲ್’ ಕೂಡ ಇದೇ ಕಥೆ. ಕ್ಯಾಮರಾ ಎರಡು ದಿಕ್ಕಿನಲ್ಲಿ ಮಟ್ಟ ತಪ್ಪಬಹುದು. ಎಡ-ಬಲಕ್ಕೆ ವಾಲಿದರೆ ಇಡೀ ಫೋಟೋ ಓರೆಯಾಗುತ್ತದೆ, ಅದನ್ನು ಎಲ್ಲರೂ ನೋಡುತ್ತಾರೆ. ಮುಂದೆ-ಹಿಂದೆ ಬಗ್ಗಿದರೆ ಓರೆ ಕಾಣುವುದಿಲ್ಲ, ಗೋಡೆಗಳು ಮಾತ್ರ ಒಂದರ ಕಡೆಗೊಂದು ವಾಲುತ್ತವೆ. ಅವನು ನೋಡಿದ್ದು ಮೊದಲನೆಯದನ್ನು ಮಾತ್ರ. ಕ್ಯಾಮರಾದ ಎಲೆಕ್ಟ್ರಾನಿಕ್ ಲೆವೆಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಇತ್ತು, ಎರಡನೆಯದು 15 ಡಿಗ್ರಿ ಹತ್ತಿರ ತೋರಿಸುತ್ತಿತ್ತಂತೆ, ಅದನ್ನು ನೋಡಬೇಕು ಅಂತ ನಾನು ಹೇಳಿರಲೇ ಇಲ್ಲ.

ಯಾಕೆ ಬಗ್ಗಿಸಿದ ಅಂತ ಕೇಳಿದರೆ ಅದಕ್ಕೂ ನನ್ನ ಚೀಟಿಯೇ ಕಾರಣ. ಅವನ ಕ್ಯಾಮರಾ ಫುಲ್ ಫ್ರೇಮ್ ಅಲ್ಲ, ಅದಕ್ಕಿಂತ ಚಿಕ್ಕ ಸೆನ್ಸರ್ ಇರುವ ಎಪಿಎಸ್-ಸಿ. ಅದರಲ್ಲಿ 24 ಅಂದರೆ ಒಂದೂವರೆ ಪಟ್ಟು, ಫುಲ್ ಫ್ರೇಮಿನ 36ಕ್ಕೆ ಸಮ. ಅಷ್ಟು ಕಿರಿದಾದ ನೋಟದಲ್ಲಿ ‘ರೂಮ್ ಪೂರ್ತಿ’ ಹೇಗೆ ಬರಬೇಕು? ಪಾಪ, ಕ್ಯಾಮರಾವನ್ನು ಕಣ್ಣೆತ್ತರಕ್ಕೆ, 1.6 ಮೀಟರಿಗೆ ಎತ್ತಿ, ಕೆಳಗೆ ಬಗ್ಗಿಸಿ, ಎಷ್ಟು ಬರುತ್ತದೋ ಅಷ್ಟು ತುಂಬಿಸಿದ್ದ. ಇಷ್ಟಕ್ಕೂ ಪೂರ್ತಿ ರೂಮ್ ನನ್ನ ಫೋಟೋದಲ್ಲೂ ಬಂದಿಲ್ಲ, ಬಾಗಿಲ ಗೋಡೆ ಬರುವ ಹಾಗೇ ಇಲ್ಲ. ಏನು ಬರಬೇಕು ಅಂತ ಹೆಸರು ಹಿಡಿದು ಬರೆಯಬೇಕಿತ್ತು.

ಅವನ ಫೋಟೋವನ್ನು ಉಳಿಸಿಕೊಳ್ಳಲು ಒಂದು ಪ್ರಯತ್ನ ಮಾಡಿದೆ. ಲೈಟ್‌ರೂಮ್‌ನಲ್ಲಿ `Upright` ಅಡಿಯಲ್ಲಿ `Vertical` ಒತ್ತಿದೆ. ಗೆರೆಗಳು ನೆಟ್ಟಗಾದವು, ಆದರೆ ಹಾಗೆ ಮಾಡಲು ಅದು ಚಿತ್ರದ ಕೆಳಭಾಗವನ್ನು ಅಗಲಕ್ಕೆ ಎಳೆಯಬೇಕು. ಎಳೆದ ಹಾಸಿಗೆಯ ನೇಯ್ಗೆ ಮಸುಕಾಯಿತು, ಕೆಳಗಿನ ಎರಡೂ ಮೂಲೆ ಕತ್ತರಿಸಿ ಹೋದವು, ಮೊದಲೇ ಕಿರಿದಾಗಿದ್ದ ಫೋಟೋ ಇನ್ನೂ ಕಿರಿದಾಯಿತು. ಒಂದೆರಡು ಡಿಗ್ರಿ ತಪ್ಪಿದ್ದರೆ ಈ ಬಟನ್ ಒಳ್ಳೆಯದು, 15 ಡಿಗ್ರಿಗೆ ಅಲ್ಲ. `Full` ಅನ್ನು ನನ್ನ ಹಾಗೆ ಪಕ್ಕಕ್ಕೆ ತಿರುಗಿಸಿ ತೆಗೆದ ಫೋಟೋಗೆ ಒತ್ತಲೇಬಾರದು. ಅದು ಅಡ್ಡ ಗೆರೆಗಳನ್ನೂ ತಿದ್ದಲು ಹೋಗುತ್ತದೆ, ಬೇಕು ಅಂತಲೇ 15 ಡಿಗ್ರಿ ತಿರುಗಿಸಿದ್ದನ್ನು ಅದು ತಪ್ಪು ಅಂದುಕೊಳ್ಳುತ್ತದೆ.

ಎರಡನೇ ಚೀಟಿ

ಎರಡನೇ ಸಲ ಹೀಗೆ ಬರೆದೆ. ಉದ್ದವಾಯಿತು, ಆದರೆ ಒಂದು ಮಾತಿಗೂ ಎರಡು ಅರ್ಥ ಬರದ ಹಾಗೆ ನೋಡಿಕೊಂಡೆ.

> ಲೆನ್ಸ್ ಬಾಗಿಲಿನ ಒಳ ಅಂಚಿನಿಂದ 40 ಸೆಂ.ಮೀ. ಆಚೆ, ಚೌಕಟ್ಟಿನ ನಡುವಿನಿಂದ 15 ಸೆಂ.ಮೀ. ಎಡಕ್ಕೆ. ನೆಲದಿಂದ ಲೆನ್ಸಿನ ನಡುವಿಗೆ 1 ಮೀಟರ್.
>
> ನಿಮ್ಮ ಕ್ಯಾಮರಾದಲ್ಲಿ 10 ಎಂಎಂ. ಇದು ಕತ್ತರಿಸುವುದಕ್ಕೆ ಅಂತ ಅಗಲವಾಗಿ ತೆಗೆಯುವುದು. ಕೊನೆಯ ಫೋಟೋ ಫುಲ್ ಫ್ರೇಮ್ ಲೆಕ್ಕದಲ್ಲಿ 24 ಎಂಎಂ ನೋಟ, 4:3.
>
> ಕ್ಯಾಮರಾ ಎಡ-ಬಲ ಮಟ್ಟ, ಮುಂದೆ-ಹಿಂದೆಯೂ ಮಟ್ಟ. ಎರಡೂ ಸೊನ್ನೆ. ಮಂಚದ ಕಾಲು ಕಾಣದಿದ್ದರೂ ಬಗ್ಗಿಸಬೇಡಿ.
>
> ಎದುರು ಗೋಡೆಗೆ ಎದುರಾಬದುರು ಬೇಡ. ಸುಮಾರು 15 ಡಿಗ್ರಿ ಬಲಕ್ಕೆ ತಿರುಗಿಸಿ. ಎದುರು ಗೋಡೆಯ ಎರಡೂ ಮೂಲೆ, ಪೂರ್ತಿ ಕಿಟಕಿ, ಮಂಚದ ಕಾಲಿನ ಬುಡ, ಎದುರು ಗೋಡೆ ಸೀಲಿಂಗಿಗೆ ಸೇರುವ ಗೆರೆ, ಇಷ್ಟು ಬರಬೇಕು.
>
> ಕಪಾಟಿನ ಅಂಚು, ಗೋಡೆ ಮೂಲೆ, ಕಿಟಕಿ ಚೌಕಟ್ಟು ನೆಟ್ಟಗೆ ನಿಲ್ಲಬೇಕು, ಫೋಟೋದ ಪಕ್ಕದ ಅಂಚಿಗೆ ಸಮಾನಾಂತರವಾಗಿ. ನೆಲದ ಗೆರೆ, ಸೀಲಿಂಗ್ ಗೆರೆ ಓರೆಯಾಗಿಯೇ ಇರುತ್ತವೆ, ಅವನ್ನು ತಿದ್ದಬೇಡಿ.

ಕೊನೆಯ ಸಾಲು ಬೇಕೇ ಬೇಕು. ಕ್ಯಾಮರಾ ಪಕ್ಕಕ್ಕೆ ತಿರುಗಿದಾಗ ಅಡ್ಡ ಗೆರೆಗಳು ಓರೆಯಾಗುವುದು ಸಹಜ, ರೂಮಿಗೆ ಆಳ ಬರುವುದೇ ಅದರಿಂದ. ‘ಎಲ್ಲ ಗೆರೆ ಸರಿ ಇರಲಿ’ ಅಂತ ಸುಮ್ನೆ ಬರೆದರೆ ತಿದ್ದುವವರು ಅವನ್ನೂ ಮಲಗಿಸಿಬಿಡುತ್ತಾರೆ. ಇನ್ನು 10 ಎಂಎಂ ಯಾಕೆ ಅಂದರೆ, 16ಕ್ಕೆ ಸಮನಾಗಿದ್ದು ಅವನ ಕ್ಯಾಮರಾದಲ್ಲಿ 10.7. ಲೆನ್ಸಿನ ಮೇಲೆ ಅಷ್ಟು ಸಣ್ಣ ಗುರುತು ಇಲ್ಲ, ಒಂದು ಚೂರು ಅಗಲವಾಗಿ ತೆಗೆದು ಒಂದು ಚೂರು ಜಾಸ್ತಿ ಕತ್ತರಿಸುವುದು ಸುಲಭ.

ಅವನು ಮಾರನೇ ದಿನ ಮತ್ತೆ ಹೋಗಿ ತೆಗೆದು ಕಳಿಸಿದ. ನೆಟ್ಟಗಿದೆಯಾ ಅನ್ನುವುದನ್ನು ನಾನು ಕಣ್ಣಂದಾಜಿನಲ್ಲಿ ಬಿಡುವುದಿಲ್ಲ. ಫೋಟೋದ ಎಡ ಅಂಚಿಗೂ ಕಪಾಟಿನ ಅಂಚಿಗೂ ನಡುವಿನ ಜಾಗವನ್ನು ಮೇಲೊಮ್ಮೆ, ಕೆಳಗೊಮ್ಮೆ ಅಳೆಯುತ್ತೇನೆ. ಅವನ ಮೊದಲ ಫೋಟೋದಲ್ಲಿ ಕೆಳಗಿನ ಜಾಗ ಮೇಲಿನದಕ್ಕಿಂತ ಎದ್ದು ಕಾಣುವಷ್ಟು ಜಾಸ್ತಿ ಇತ್ತು. ಕೆಳಗೆ ಜಾಸ್ತಿ ಇದ್ದರೆ ಕ್ಯಾಮರಾ ಕೆಳಕ್ಕೆ ಬಗ್ಗಿದೆ, ಮೇಲೆ ಜಾಸ್ತಿ ಇದ್ದರೆ ಮೇಲಕ್ಕೆ ನೋಡುತ್ತಿದೆ. ಅದೇ ಅಳತೆಯನ್ನು ಬಲಗಡೆ ಕಿಟಕಿ ಚೌಕಟ್ಟಿಗೂ ಮಾಡಬೇಕು. ಎಡಗಡೆ ಕೆಳಗೆ ಜಾಸ್ತಿ, ಬಲಗಡೆ ಮೇಲೆ ಜಾಸ್ತಿ ಬಂದರೆ ಕ್ಯಾಮರಾ ಬಗ್ಗಿಲ್ಲ, ಪಕ್ಕಕ್ಕೆ ವಾಲಿದೆ ಅಂತ ಅರ್ಥ. ಈ ಸಲ ಎರಡೂ ಕಡೆ ಮೇಲೂ ಕೆಳಗೂ ಒಂದೇ ಬಂತು, ಎಡಗಡೆ ನಾಲ್ಕು ಪಿಕ್ಸೆಲ್ ಮಾತ್ರ ವ್ಯತ್ಯಾಸ. ಅಷ್ಟು ಕಪಾಟೇ ಓರೆಯಾಗಿ ನಿಂತಿದ್ದರೂ ಬರುತ್ತದೆ.

ಎರಡೂ ಫೋಟೋ ಅಕ್ಕಪಕ್ಕ ಇಟ್ಟು ನೋಡಿದೆವು. ಮಂಚಗಳ ಕಾಲುಭಾಗ ಒಂದೇ ಅಗಲ, ಸೀಲಿಂಗ್ ಗೆರೆ ಒಂದೇ ಎತ್ತರ. ಅವನ ಫೋಟೋದಲ್ಲಿ ಕಿಟಕಿಯ ಬೆಳಕು ನನ್ನದಕ್ಕಿಂತ ಚೆನ್ನಾಗಿತ್ತು, ಅವನು ಮಧ್ಯಾಹ್ನ ತೆಗೆದಿದ್ದ. ಹಾಗಾಗಿ ನನ್ನ ರೂಮನ್ನು ಮಧ್ಯಾಹ್ನ ಇನ್ನೊಮ್ಮೆ ತೆಗೆಯಬೇಕು. ಹೊಸ್ತಿಲ ಆಚೆ ಟ್ರೈಪಾಡ್ ಕಾಲುಗಳಿಗೆ ಅಂಟಿಸಿದ ಟೇಪ್ ಗುರುತು ಇನ್ನೂ ಹಾಗೇ ಇದೆ.